ಮದುವೆ ಸಾಲ: ಒಡವೆ ಇಡುವುದೋ, ಸಂಬಳದ ಚೀಟಿ ತೋರಿಸುವುದೋ



ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಛತ್ರ ಹುಡುಕುತ್ತಾರೆ, ಆಮೇಲೆ ಅಡುಗೆಯವರನ್ನು, ಕೊನೆಗೆ ದುಡ್ಡನ್ನು. ಛತ್ರಕ್ಕೆ ಮುಂಗಡ ಕೊಟ್ಟಾದ ಮೇಲೆ ಸಾಲದ ಬಗ್ಗೆ ನಿಧಾನವಾಗಿ ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಯಾರೋ ನೆಂಟರು "ಒಡವೆ ಇಟ್ಟುಬಿಡಿ, ಬಡ್ಡಿ ಕಡಿಮೆ" ಅನ್ನುತ್ತಾರೆ. ಮಗ "ಬೇಡ, ನನ್ನ ಫೋನಿಗೇ ಪರ್ಸನಲ್ ಲೋನ್ ಮಂಜೂರಾಗಿದೆ ಅಂತ ಮೆಸೇಜ್ ಬಂದಿದೆ" ಅನ್ನುತ್ತಾನೆ. ಇಬ್ಬರೂ ಹೇಳುವುದು ನಿಜವೇ. ಆದರೆ ಸಾಲ ಪೂರ್ತಿ ತೀರುವ ಹೊತ್ತಿಗೆ ಮನೆಯಿಂದ ಒಟ್ಟು ಎಷ್ಟು ಹೋಗಿರುತ್ತದೆ ಎಂಬುದನ್ನು ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ಇವತ್ತು ಆ ಲೆಕ್ಕವನ್ನೇ ಹಾಕೋಣ. ಕೈಗೆ ಒಂದು ಪೆನ್ನು, ಒಂದು ಹಳೆಯ ಲಗ್ನಪತ್ರಿಕೆ ಸಿಕ್ಕಿದರೆ ತೆಗೆದುಕೊಳ್ಳಿ. ಅದರ ಹಿಂಬದಿ ಸಾಕು.

ತುಮಕೂರು ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳೋಣ. ತಂದೆ ಇಲ್ಲ. ಮಗ ಖಾಸಗಿ ಕಂಪನಿಯಲ್ಲಿದ್ದಾನೆ, ತಿಂಗಳಿಗೆ ಕೈಗೆ 38,000 ರೂಪಾಯಿ ಬರುತ್ತದೆ. ತಂಗಿಯ ಮದುವೆ. ಕೂಡಿಟ್ಟ ಹಣವೆಲ್ಲ ಸೇರಿಸಿದ ಮೇಲೂ 4 ಲಕ್ಷ ಕಡಿಮೆ ಬೀಳುತ್ತದೆ. ತಾಯಿಯ ಹತ್ತಿರ ಒಂದು ಹಾರ, ಎರಡು ಜೊತೆ ಬಳೆ, ಒಂದು ಹಳೆಯ ಅಡ್ಡಿಕೆ ಇವೆ. ತೂಕ ಹಾಕಿದರೆ 72 ಗ್ರಾಂ. ಚಿನ್ನದ ದರ ದಿನಾ ಬದಲಾಗುತ್ತದೆ. ಬಾಯಿಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು 22 ಕ್ಯಾರೆಟ್‌ಗೆ ಗ್ರಾಂಗೆ 10,000 ರೂಪಾಯಿ ಎಂದೇ ಹಿಡಿಯುತ್ತೇನೆ. ನಿಮ್ಮ ಊರಿನ ಇವತ್ತಿನ ದರ ಹಾಕಿ ನೀವು ಮತ್ತೆ ಲೆಕ್ಕ ಮಾಡಿಕೊಳ್ಳಬಹುದು.

ಮನೆಯವರ ಮನಸ್ಸಿನಲ್ಲಿ ಆ ಒಡವೆಯ ಬೆಲೆ 7 ಲಕ್ಷ 20 ಸಾವಿರ. ಬ್ಯಾಂಕಿನ ಕಾಗದದಲ್ಲಿ ಅದು ಅಷ್ಟಿರುವುದಿಲ್ಲ, ಯಾಕೆ ಅಂತ ಮೊದಲು ನೋಡೋಣ.

ಬ್ಯಾಂಕಿನಲ್ಲಿ ಅಪ್ರೈಸರ್ ಅಂತ ಒಬ್ಬರು ಇರುತ್ತಾರೆ. ಬಹಳ ಕಡೆ ಅವರು ಊರಿನ ಅಕ್ಕಸಾಲಿಗರೇ. ಅವರು ಒಡವೆಯನ್ನು ಕಪ್ಪು ಒರೆಗಲ್ಲಿನ ಮೇಲೆ ಒಂದೆಳೆ ಎಳೆಯುತ್ತಾರೆ, ಅದರ ಮೇಲೆ ಒಂದು ಹನಿ ಆಮ್ಲ ಬಿಡುತ್ತಾರೆ. ಗೆರೆ ಎಷ್ಟು ಬೇಗ ಮಾಸುತ್ತದೆ ಎಂಬುದನ್ನು ನೋಡಿ ಕ್ಯಾರೆಟ್ ಹೇಳುತ್ತಾರೆ. ದೊಡ್ಡ ಶಾಖೆಗಳಲ್ಲಿ ಇದಕ್ಕೆ ಯಂತ್ರವೂ ಇದೆ. ಆಮೇಲೆ ಕಲ್ಲು, ಮುತ್ತು, ಕರಿಮಣಿ, ದಾರ, ಬಳೆಯೊಳಗಿನ ಅರಗು, ಇವೆಲ್ಲದರ ತೂಕ ಕಳೆಯುತ್ತಾರೆ. ನಮ್ಮ ತಾಯಿಯ ಒಡವೆಯಲ್ಲಿ ಹೀಗೆ 9 ಗ್ರಾಂ ಹೋಯಿತು ಅನ್ನಿ. ಉಳಿದದ್ದು 63. ಹಳೆಯ ಕಾಲದ ಒಡವೆ, ಹಾಲ್‌ಮಾರ್ಕ್ ಇಲ್ಲ, ಒರೆಗೆ 20 ಕ್ಯಾರೆಟ್ ಬಂತು. ಅದನ್ನು 22 ಕ್ಯಾರೆಟ್‌ನ ಲೆಕ್ಕಕ್ಕೆ ತಿರುಗಿಸಿದರೆ 57 ಗ್ರಾಂ ಚಿಲ್ಲರೆ. ಅಂದರೆ ಬೆಲೆ 5 ಲಕ್ಷ 73 ಸಾವಿರ. ಅಂಗಡಿಯಲ್ಲಿ ಕೊಟ್ಟಿದ್ದ ಮಜೂರಿ, ವೇಸ್ಟೇಜ್, ತೆರಿಗೆ ಯಾವುದಕ್ಕೂ ಇಲ್ಲಿ ಲೆಕ್ಕವಿಲ್ಲ. ತೂಕ ಹಾಕುವಾಗ, ಒರೆ ಹಚ್ಚುವಾಗ ಸಾಲ ಪಡೆಯುವವರು ಎದುರಿಗೇ ಇರಬೇಕು ಎಂಬುದು ನಿಯಮ. ಕಳೆದ ತೂಕವೆಷ್ಟು, ಯಾತಕ್ಕೆ ಕಳೆದರು ಎಂದು ಬರೆದ ಚೀಟಿಯನ್ನೂ ಕೊಡಬೇಕು. ಮಗನೊಬ್ಬನನ್ನೇ ಕಳಿಸಿ ಮನೆಯಲ್ಲಿ ಕೂರಬೇಡಿ.

ಈ 5.73 ಲಕ್ಷಕ್ಕೆ ಎಷ್ಟು ಸಾಲ ಸಿಗುತ್ತದೆ? ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನದ ಸಾಲಕ್ಕೆ ಹೊಸ ನಿಯಮ ಹೊರಡಿಸಿತು. 2026ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದಕ್ಕೆ ಹೊಂದಿಕೊಳ್ಳಬೇಕು ಅಂತ ಗಡುವು ಕೊಟ್ಟಿತು. ಅದರ ಪ್ರಕಾರ ಮದುವೆಯಂಥ ಮನೆ ಖರ್ಚಿನ ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಚಿನ್ನದ ಬೆಲೆಯ ಶೇಕಡಾ 85ರವರೆಗೆ ಕೊಡಬಹುದು. ಎರಡೂವರೆಯಿಂದ 5 ಲಕ್ಷದವರೆಗೆ ಶೇಕಡಾ 80. ಅದರ ಮೇಲೆ 75. ನಮ್ಮ ಮನೆಗೆ 80 ಅನ್ವಯ, ಅಂದರೆ ಮಿತಿ 4 ಲಕ್ಷ 58 ಸಾವಿರ. ಇದರೊಳಗೊಂದು ಸೂಕ್ಷ್ಮ ಇದೆ. ವರ್ಷದ ಕೊನೆಗೆ ಅಸಲು ಬಡ್ಡಿ ಎಲ್ಲ ಒಟ್ಟಿಗೆ ಕಟ್ಟುತ್ತೇನೆ ಎಂಬ ಸಾಲವಾದರೆ, ಇವತ್ತು ಕೊಡುವ ಹಣ ಮಾತ್ರವಲ್ಲ, ಕೊನೆಗೆ ಕಟ್ಟಬೇಕಾದ ಒಟ್ಟು ಮೊತ್ತವೇ ಆ ಮಿತಿಯೊಳಗೆ ಇರಬೇಕು. ಶೇಕಡಾ 9.5 ಬಡ್ಡಿ, ತಿಂಗಳು ತಿಂಗಳು ಬಡ್ಡಿ ಸೇರಿಸುತ್ತಾ ಹೋದರೆ 4 ಲಕ್ಷಕ್ಕೆ ವರ್ಷದಲ್ಲಿ 39,700 ರೂಪಾಯಿ ಆಗುತ್ತದೆ. ಒಟ್ಟು 4 ಲಕ್ಷ 39 ಸಾವಿರದ 700. ಮಿತಿಯೊಳಗೆ ಬಂತು, ಸಾಲ ಸಿಗುತ್ತದೆ. ಆದರೆ ಬಿಗಿಯಾಗಿ ಬಂತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ಎರಡು ಸಾಲಗಳನ್ನೂ ಅಕ್ಕಪಕ್ಕ ಇಡೋಣ. ದರಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನಾನು ಹೇಳುವುದು ಒಂದು ಮಾದರಿ ಲೆಕ್ಕ.

ಚಿನ್ನದ ಸಾಲ, ಒಂದು ವರ್ಷ. ಬಡ್ಡಿ 39,700. ಸಂಸ್ಕರಣಾ ಶುಲ್ಕ ಅಂದರೆ ಪ್ರೊಸೆಸಿಂಗ್ ಫೀ ಅರ್ಧ ಪರ್ಸೆಂಟ್, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಅಪ್ರೈಸರ್ ಶುಲ್ಕ, ಎಲ್ಲ ಸೇರಿ 3,000 ಹತ್ತಿರ. ಒಟ್ಟು ವೆಚ್ಚ 42,700 ರೂಪಾಯಿ.

ಪರ್ಸನಲ್ ಲೋನ್, ಮೂರು ವರ್ಷ, ಶೇಕಡಾ 14. ತಿಂಗಳ ಕಂತು 13,671 ರೂಪಾಯಿ. ಮೂವತ್ತಾರು ಕಂತಿಗೆ ಬಡ್ಡಿ 92,000 ಚಿಲ್ಲರೆ. ಪ್ರೊಸೆಸಿಂಗ್ ಫೀ ಶೇಕಡಾ 2, ಅಂದರೆ 8,000. ಅದಕ್ಕೆ ಜಿಎಸ್‌ಟಿ 1,440. ಒಟ್ಟು ವೆಚ್ಚ 1 ಲಕ್ಷದ 1,600 ರೂಪಾಯಿ. ಜೊತೆಗೆ ಇದನ್ನು ಗಮನಿಸಿ: ಫೀ ಹಣವನ್ನು ಸಾಲದಲ್ಲೇ ಮುರಿದುಕೊಂಡು ಖಾತೆಗೆ 3,90,560 ಮಾತ್ರ ಹಾಕುತ್ತಾರೆ. ಬಡ್ಡಿ ಮಾತ್ರ ಪೂರ್ತಿ 4 ಲಕ್ಷಕ್ಕೆ. ಆದ್ದರಿಂದ 14 ಅಂತ ಹೇಳಿದ ದರ ನಿಜವಾಗಿ 15.7ರ ಹತ್ತಿರ ಬೀಳುತ್ತದೆ. ಛತ್ರದವರಿಗೆ ಕೊಡಲು ಪೂರ್ತಿ 4 ಲಕ್ಷ ಬೇಕಿದ್ದರೆ ಸಾಲವನ್ನೇ ಇನ್ನಷ್ಟು ಹೆಚ್ಚು ಎತ್ತಬೇಕು.

ಒಂದು ಕಡೆ 42,700, ಇನ್ನೊಂದು ಕಡೆ 1,01,600. ಇಷ್ಟಕ್ಕೇ ಪೆನ್ನು ಕೆಳಗಿಟ್ಟು "ಒಡವೆ ಸಾಲವೇ ಅಗ್ಗ" ಅನ್ನುವವರೇ ಹೆಚ್ಚು. ನಾನು ಬ್ಯಾಂಕಿನ ಸಾಲದ ಮೇಜಿನ ಹಿಂದೆ ಕೂತು ಇದನ್ನು ಬಹಳ ನೋಡಿದ್ದೇನೆ. ಈ ಹೋಲಿಕೆ ತಪ್ಪು. ಒಂದು ಸಾಲ ಒಂದು ವರ್ಷದ್ದು, ಇನ್ನೊಂದು ಮೂರು ವರ್ಷದ್ದು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ವರ್ಷ ತುಂಬಿದ ದಿನ ಈ ಮನೆಗೆ 4 ಲಕ್ಷ 39 ಸಾವಿರದ 700 ರೂಪಾಯಿ ಎಲ್ಲಿಂದ ಬರುತ್ತದೆ?

ಅಡಕೆಯೋ ಕಾಫಿಯೋ ಇರುವ ಮನೆಯಾದರೆ ಬರಬಹುದು. ಚೀಟಿ ಎತ್ತುವುದಿದ್ದರೆ ಬರಬಹುದು. ಮಾರಾಟಕ್ಕಿಟ್ಟ ಸೈಟಿಗೆ ಕೊಳ್ಳುವವರು ಸಿಕ್ಕಿದ್ದರೆ ಬರಬಹುದು. 38,000 ಸಂಬಳದ ಮನೆಗೆ ಬರುವುದಿಲ್ಲ. ಹಾಗಾಗಿ ಏನಾಗುತ್ತದೆ? ಗಡುವಿನ ವಾರ ಬ್ಯಾಂಕಿನಿಂದ ಫೋನು. ಮಗ ಹೇಗೋ 39,700 ಹೊಂದಿಸಿಕೊಂಡು ಹೋಗುತ್ತಾನೆ. ಬಡ್ಡಿ ಕಟ್ಟಿ, ನಾಲ್ಕು ಕಾಗದಕ್ಕೆ ಸಹಿ ಹಾಕಿ, ಸಾಲವನ್ನು ಇನ್ನೊಂದು ವರ್ಷಕ್ಕೆ ರಿನಿವಲ್ ಮಾಡಿಸಿಕೊಂಡು ಬರುತ್ತಾನೆ. "ಮುಂದಿನ ವರ್ಷ ಬಿಡಿಸಿಕೊಳ್ಳೋಣ ಅಮ್ಮ" ಅನ್ನುತ್ತಾನೆ. ಮುಂದಿನ ವರ್ಷವೂ ಅದೇ. ಹೀಗೆ ಮೂರು ವರ್ಷ ನಡೆದರೆ ವರ್ಷಕ್ಕೆ 42,700ರಂತೆ 1 ಲಕ್ಷ 28 ಸಾವಿರ ಹೋಯಿತು. ಶೇಕಡಾ 14ರ ಸಾಲಕ್ಕಿಂತ ಶೇಕಡಾ 9.5ರ ಸಾಲ 26,000 ರೂಪಾಯಿ ದುಬಾರಿಯಾಯಿತು. ಅದಕ್ಕಿಂತ ಬೇಸರದ ಸಂಗತಿ, ಪರ್ಸನಲ್ ಲೋನ್ ತೆಗೆದುಕೊಂಡವನ ಸಾಲ ಅಷ್ಟು ಹೊತ್ತಿಗೆ ಪೂರ್ತಿ ತೀರಿದೆ. ಇವನದು 4 ಲಕ್ಷ ಹಾಗೇ ನಿಂತಿದೆ, ಒಡವೆ ಬ್ಯಾಂಕಿನ ಲಾಕರಿನಲ್ಲಿದೆ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಪರ್ಸನಲ್ ಲೋನಿನ ಪ್ರತಿ ಕಂತಿನಲ್ಲೂ ಒಂದಿಷ್ಟು ಅಸಲು ಕರಗುತ್ತದೆ. ಮೊದಲ ಕಂತಿನ 13,671ರಲ್ಲಿ ಬಡ್ಡಿಗೆ ಹೋಗುವುದು 4,667. ಉಳಿದ 9,000 ಅಸಲಿಗೆ. ಮುಂದಿನ ತಿಂಗಳ ಬಡ್ಡಿ ಕರಗಿದ ಅಸಲಿನ ಮೇಲೆ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಬಾಕಿ ಒಂದೂವರೆ ಲಕ್ಷದ ಆಸುಪಾಸಿಗೆ ಇಳಿದಿರುತ್ತದೆ. ರಿನಿವಲ್ ಮಾಡಿಸುತ್ತಾ ಹೋದ ಚಿನ್ನದ ಸಾಲದಲ್ಲಿ ಮೂರು ವರ್ಷವೂ ಪೂರ್ತಿ 4 ಲಕ್ಷಕ್ಕೇ ಬಡ್ಡಿ. ದರ ಕಡಿಮೆ ಇದ್ದೂ ಹಣ ಹೆಚ್ಚು ಹೋಗುವುದು ಹೀಗೆ.

ಹಾಗಾದರೆ ಪರ್ಸನಲ್ ಲೋನೇ ಒಳ್ಳೆಯದೇ? ಅಲ್ಲ. ಒಡವೆಯ ಮೇಲೆ ಸಾಲ ತೆಗೆದು ಅದನ್ನು ಪರ್ಸನಲ್ ಲೋನಿನ ಹಾಗೆ ತೀರಿಸುವುದು ಒಳ್ಳೆಯದು. ಅದರ ಲೆಕ್ಕ ನೋಡಿ. ಅದೇ 4 ಲಕ್ಷ, ಅದೇ 9.5, ಮೂರು ವರ್ಷದ ತಿಂಗಳ ಕಂತಾದರೆ 12,813 ರೂಪಾಯಿ. ಒಟ್ಟು ಬಡ್ಡಿ 61,000 ಚಿಲ್ಲರೆ. ಶುಲ್ಕ ಸೇರಿಸಿದರೆ 64,000. ಪರ್ಸನಲ್ ಲೋನಿಗಿಂತ 37,000 ಕಡಿಮೆ, ರಿನಿವಲ್ ದಾರಿಯ ವೆಚ್ಚದ ಅರ್ಧದಷ್ಟು. ವಧುವಿಗೆ ಎರಡು ಒಳ್ಳೆಯ ರೇಷ್ಮೆ ಸೀರೆಯ ದುಡ್ಡು ಉಳಿಯಿತು ಅನ್ನಿ.

ಕಂತಿನ ಚಿನ್ನದ ಸಾಲವನ್ನು ಹಲವು ಬ್ಯಾಂಕುಗಳು ಕೊಡುತ್ತವೆ, ಆದರೆ ತಾವಾಗಿ ಹೇಳುವುದು ಕಡಿಮೆ. ಕೌಂಟರಿನಲ್ಲಿ ಮೊದಲು ಮುಂದೆ ಬರುವ ಫಾರಂ ಒಂದು ವರ್ಷದ್ದು. "ಇಎಂಐ ಗೋಲ್ಡ್ ಲೋನ್ ಇದೆಯೇ?" ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ಆ ಶಾಖೆಯಲ್ಲಿ ಇಲ್ಲ ಅಂದರೂ ದಾರಿ ಮುಚ್ಚಿಲ್ಲ. ಒಂದು ವರ್ಷದ ಸಾಲವನ್ನೇ ತೆಗೆದು, ಸಂಬಳ ಬಂದ ಮರುದಿನ 12,800 ರೂಪಾಯಿ ಆ ಸಾಲದ ಖಾತೆಗೇ ಹೋಗುವ ಹಾಗೆ ಸ್ಥಾಯಿ ಸೂಚನೆ ಕೊಟ್ಟುಬಿಡಿ. ಚಿನ್ನದ ಸಾಲಕ್ಕೆ ಮಧ್ಯೆ ಮಧ್ಯೆ ಹಣ ಕಟ್ಟಲು ಬ್ಯಾಂಕುಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಸಾಲ ತೆಗೆಯುವ ದಿನವೇ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ವರ್ಷದ ಕೊನೆಗೆ ಬಾಕಿ 2 ಲಕ್ಷ 79 ಸಾವಿರಕ್ಕೆ ಬಂದಿರುತ್ತದೆ. ಅಷ್ಟಕ್ಕೆ ಮಾತ್ರ ರಿನಿವಲ್ ಮಾಡಿಸಿದರೆ 38 ಗ್ರಾಂ ಚಿಲ್ಲರೆ ಇದ್ದರೆ ಸಾಕು. ಉಳಿದ 19 ಗ್ರಾಂ ಮನೆಗೆ ಬರಬಹುದು.

ತಿಂಗಳಿಗೆ 12,800 ಕಟ್ಟುವ ಶಿಸ್ತು ನಮ್ಮಿಂದ ಆಗದು, ದುಡ್ಡು ಕೈಯಲ್ಲಿದ್ದರೆ ಖರ್ಚಾಗಿಯೇ ಹೋಗುತ್ತದೆ ಎಂದು ನಿಮ್ಮ ಬಗ್ಗೆ ನಿಮಗೇ ಗೊತ್ತಿದ್ದರೆ, ಹೆಚ್ಚು ಬಡ್ಡಿಯ ಪರ್ಸನಲ್ ಲೋನೇ ನಿಮಗೆ ಅಗ್ಗವಾಗಬಹುದು. ಅದು ಖಾತೆಯಿಂದ ತಾನೇ ಎಳೆದುಕೊಳ್ಳುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಆ ಹೆಚ್ಚಿನ 37,000ವನ್ನು ಶಿಸ್ತಿನ ಟ್ಯೂಷನ್ ಫೀ ಅಂತ ಲೆಕ್ಕಕ್ಕೆ ಬರೆದುಕೊಳ್ಳಬೇಕು, ಅಷ್ಟೆ.

ಇನ್ನು ಮುಯ್ಯಿ. ನಮ್ಮ ಮದುವೆಗಳಲ್ಲಿ ಆರತಕ್ಷತೆ ಮುಗಿದ ರಾತ್ರಿ ಯಾರೋ ಒಬ್ಬ ಸೋದರಮಾವ ಲಕೋಟೆಗಳನ್ನೆಲ್ಲ ಹರಡಿಕೊಂಡು ನೋಟ್‌ಬುಕ್ಕಿನಲ್ಲಿ ಹೆಸರು, ಮೊತ್ತ ಬರೆಯುತ್ತಾ ಕೂತಿರುತ್ತಾರೆ. ಅದೂ ಒಂದು ಬಗೆಯ ಸಾಲವೇ ಬಿಡಿ, ಬಡ್ಡಿ ಇಲ್ಲದ್ದು, ಕಂತು ಕಂತಾಗಿ ಊರೆಲ್ಲ ತಿರುಗಿ ತೀರಿಸುವಂಥದ್ದು. ಹೀಗೆ 80,000 ಬಂತು ಅಂದುಕೊಳ್ಳೋಣ. ಚಿನ್ನದ ಸಾಲವಾದರೆ ಮರುದಿನವೇ ಹೋಗಿ ಕಟ್ಟಬಹುದು, ಆ ವರ್ಷದ ಬಡ್ಡಿಯಲ್ಲೇ 7,000 ಉಳಿಯುತ್ತದೆ. ಪರ್ಸನಲ್ ಲೋನಿನಲ್ಲಿ ಬಹಳ ಕಡೆ ಮೊದಲ ಆರು ತಿಂಗಳೋ ವರ್ಷವೋ ಕಂತು ಬಿಟ್ಟು ಹೆಚ್ಚಿಗೆ ಏನೂ ಕಟ್ಟಲು ಬಿಡುವುದಿಲ್ಲ. ಬಿಟ್ಟರೂ ಕಟ್ಟಿದ ಹಣದ ಮೇಲೆ ಶೇಕಡಾ 2, 3, 4 ಅಂತ ದಂಡ, ಅದಕ್ಕೆ ಜಿಎಸ್‌ಟಿ. ನಿಶ್ಚಿತ ಬಡ್ಡಿಯ ಸಾಲ ಆದ್ದರಿಂದ ಹಾಗೆ ಕೇಳಲು ಅವಕಾಶವಿದೆ. ಮುಯ್ಯಿ ಹಣ ಅಷ್ಟು ಹೊತ್ತಿಗೆ ಮನೆಯಲ್ಲಿ ಉಳಿದಿರುತ್ತದೆಯೇ? ಹೊಸ ಅಳಿಯನ ಮೊದಲ ಹಬ್ಬ ಬಂದಿರುತ್ತದೆ.

ಈಗ ಬಿಗಿಯಾಗಿ ಬಂತು ಅಂದೆನಲ್ಲ, ಆ ವಿಚಾರ. ಚಿನ್ನದ ಸಾಲದ ವೆಚ್ಚದಲ್ಲಿ ಕಾಗದದ ಮೇಲೆ ಕಾಣದ ಒಂದು ಬಾಬ್ತು ಇದೆ, ಅದು ದರ ಇಳಿಯುವ ಭಯ. ವರ್ಷದ ಕೊನೆಗೆ ಬಾಕಿ 4,39,700 ಆಗಿರುವಾಗ ಶೇಕಡಾ 80ರ ಮಿತಿಯೊಳಗೆ ಇರಬೇಕಾದರೆ ನಮ್ಮ 57 ಗ್ರಾಂ ಚಿನ್ನ ಗ್ರಾಂಗೆ 9,600 ರೂಪಾಯಿಗಿಂತ ಕೆಳಗೆ ಇಳಿಯಬಾರದು. 10,000ದಿಂದ 9,600. ಬರೀ 4 ಪರ್ಸೆಂಟ್. ಚಿನ್ನ ಅಷ್ಟು ಇಳಿಯಲು ಕೆಲವೊಮ್ಮೆ ಒಂದು ವಾರ ಸಾಕು. ಆಗ ಸಾಲ ಕೊಟ್ಟವರು ಇನ್ನಷ್ಟು ಒಡವೆ ತನ್ನಿ, ಇಲ್ಲವೇ ಇಂತಿಷ್ಟು ಹಣ ಕಟ್ಟಿ ಅಂತ ಕೇಳಬಹುದು. ಇದ್ದಬದ್ದ ಒಡವೆಯನ್ನೆಲ್ಲ ಇಟ್ಟು ಮಿತಿಯ ತುದಿಯವರೆಗೆ ಸಾಲ ಎತ್ತಿದವರಿಗೆ ಆ ದಿನ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಕಂತು ಕಟ್ಟುತ್ತಿರುವವರಿಗೆ ಈ ಭಯ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತದೆ, ಯಾಕೆಂದರೆ ಬಾಕಿಯೂ ಇಳಿಯುತ್ತಿರುತ್ತದೆ. ನನ್ನ ಮಾತು ಕೇಳುವುದಾದರೆ ಒಡವೆಯ ಬೆಲೆಯ ಶೇಕಡಾ 60, 65ರ ಮೇಲೆ ಹೋಗಬೇಡಿ. ಅಷ್ಟರಲ್ಲಿ ಮದುವೆ ಆಗುವುದಿಲ್ಲ ಅಂದರೆ ಬಾಡೂಟವೋ ಬಫೆಯೋ ಸ್ವಲ್ಪ ಚಿಕ್ಕದಾಗಲಿ.

ಕಟ್ಟಲೇ ಆಗದೆ ಹೋದರೆ? ಪರ್ಸನಲ್ ಲೋನಿನಲ್ಲಿ ಕಂತು ತಪ್ಪಿದರೆ ದಂಡ ಶುಲ್ಕ, ಫೋನಿನ ಮೇಲೆ ಫೋನು, ಸಿಬಿಲ್ ಅಂಕ ಕುಸಿತ. ನಾಳೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರುತ್ತದೆ. ಚಿನ್ನದ ಸಾಲದಲ್ಲಿ ಅದರ ಜೊತೆಗೆ ಹರಾಜೂ ಇದೆ. ನೋಟಿಸ್ ಕೊಡದೆ ಹರಾಜು ಹಾಕುವಂತಿಲ್ಲ. ಮೊದಲ ಸುತ್ತಿನಲ್ಲಿ ಆ ದಿನದ ಬೆಲೆಯ ಶೇಕಡಾ 90ಕ್ಕಿಂತ ಕಡಿಮೆಗೆ ಸವಾಲು ಶುರು ಮಾಡುವಂತಿಲ್ಲ. ಸಾಲ ತೀರಿ ಮಿಕ್ಕ ಹಣವನ್ನು ನಿಮಗೆ ಹಿಂದಿರುಗಿಸಲೇಬೇಕು. ಕೇಳಲು ನ್ಯಾಯವಾಗಿದೆ. ನಮ್ಮ ಮನೆಯ ಲೆಕ್ಕ ಹಾಕಿ ನೋಡಿ. ಒಡವೆ 5 ಲಕ್ಷ 15 ಸಾವಿರಕ್ಕೆ ಹೋಯಿತು, ಬಾಕಿ ಕಳೆದು 75,000 ಕೈಗೆ ಬಂತು. ಮೊದಲು ಪಡೆದ 4 ಲಕ್ಷ ಸೇರಿಸಿದರೆ ಆ ಒಡವೆಯಿಂದ ಮನೆಗೆ ಬಂದದ್ದು 4 ಲಕ್ಷ 75 ಸಾವಿರ. ಮತ್ತೆ ಅಷ್ಟೇ ಚಿನ್ನದ ಒಡವೆ ಮಾಡಿಸಲು ಅಂಗಡಿಗೆ ಹೋದರೆ ಶೇಕಡಾ 12 ವೇಸ್ಟೇಜ್, 3 ಜಿಎಸ್‌ಟಿ ಸೇರಿ 6 ಲಕ್ಷ 60 ಸಾವಿರ. ವ್ಯತ್ಯಾಸ 1 ಲಕ್ಷ 85 ಸಾವಿರ. ಇವತ್ತು ನಾವು ಹಾಕಿದ ಎಲ್ಲ ಲೆಕ್ಕಗಳಲ್ಲಿ ಇದೇ ಅತಿ ದುಬಾರಿ.

ಇಷ್ಟೆಲ್ಲ ಬ್ಯಾಂಕಿನ ದರದ ಮಾತಾಯಿತು. ಪೇಟೆ ಬೀದಿಯ ಗಿರವಿ ಅಂಗಡಿಯಲ್ಲಿ "ನೂರಕ್ಕೆ ಎರಡು ರೂಪಾಯಿ" ಅನ್ನುತ್ತಾರೆ, ಕಿವಿಗೆ ಹಗುರ. ಅದು ತಿಂಗಳಿಗೆ, ವರ್ಷಕ್ಕೆ ಶೇಕಡಾ 24. 4 ಲಕ್ಷಕ್ಕೆ ತಿಂಗಳಿಗೆ 8,000, ವರ್ಷಕ್ಕೆ 96,000. ಪರ್ಸನಲ್ ಲೋನಿನ ಮೂರು ವರ್ಷದ ಬಡ್ಡಿಯನ್ನು ಇಲ್ಲಿ ಒಂದೇ ವರ್ಷಕ್ಕೆ ಕೊಟ್ಟ ಹಾಗಾಯಿತು. ಕೆಲವು ಫೈನಾನ್ಸ್ ಕಂಪನಿಗಳ ಸ್ಕೀಮುಗಳಲ್ಲಿ ಇನ್ನೊಂದು ತೊಡಕು ಇರುತ್ತದೆ: ಪ್ರತಿ ತಿಂಗಳು ತಪ್ಪದೆ ಬಡ್ಡಿ ಕಟ್ಟಿದರೆ ಒಂದು ದರ, ಎರಡು ಮೂರು ತಿಂಗಳು ಬಿಟ್ಟರೆ ಅದಕ್ಕಿಂತ ಬಹಳ ಹೆಚ್ಚಿನ ದರ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಮೊದಲನೆಯದು. ಮದುವೆ ಓಡಾಟದಲ್ಲಿ ನೀವು ಬೀಳುವುದು ಎರಡನೆಯದಕ್ಕೆ. "ಒಂದು ತಿಂಗಳೂ ಕಟ್ಟದಿದ್ದರೆ ವರ್ಷದ ಕೊನೆಗೆ ಒಟ್ಟು ಎಷ್ಟಾಗುತ್ತದೆ, ರೂಪಾಯಿಯಲ್ಲಿ ಹೇಳಿ" ಅಂತ ಕೇಳಿ. ಪರ್ಸೆಂಟಿನಲ್ಲಿ ಉತ್ತರ ಬಂದರೆ ಒಪ್ಪಬೇಡಿ. ಪರ್ಸನಲ್ ಲೋನಿನವರು "ಫ್ಲಾಟ್ 9 ಪರ್ಸೆಂಟ್" ಅಂದಾಗಲೂ ಇದೇ ಎಚ್ಚರ ಇರಲಿ. ಮೂರು ವರ್ಷಕ್ಕೆ ಫ್ಲಾಟ್ 9 ಅಂದರೆ ಕರಗುವ ಅಸಲಿನ ಲೆಕ್ಕದಲ್ಲಿ 16ರ ಮೇಲೆ.

ಹೀಗೆ ಕೇಳಲು ಸಂಕೋಚ ಪಡುವ ಕಾಲ ಹೋಯಿತು. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಹಿ ಹಾಕಿಸುವ ಮೊದಲು ಸಾಲದ ಮುಖ್ಯಾಂಶಗಳ ಪತ್ರ ಕೊಡಬೇಕು. ಬ್ಯಾಂಕಿನವರು ಅದನ್ನು ಕೆಎಫ್ಎಸ್ ಅನ್ನುತ್ತಾರೆ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ಒಟ್ಟು ದರ ಅದರಲ್ಲಿ ಇರಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಅದರಲ್ಲಿ ಇಲ್ಲದ ಶುಲ್ಕವನ್ನು ಆಮೇಲೆ ನಿಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಪರ್ಸನಲ್ ಲೋನಿನ ಪತ್ರದಲ್ಲಿ ವಿಮೆ ಎಂಬ ಸಾಲನ್ನು ವಿಶೇಷವಾಗಿ ನೋಡಿ; ಕೇಳದೆಯೇ ಆರೇಳು ಸಾವಿರದ ಕಂತು ಸೇರಿಸಿರುವ ಸಂದರ್ಭಗಳಿವೆ, ಬೇಡ ಅಂದರೆ ತೆಗೆಯುತ್ತಾರೆ. ಚಿನ್ನದ ಸಾಲದ ಪತ್ರದಲ್ಲಿ ಆ ಒಟ್ಟು ದರ 10ರ ಆಸುಪಾಸಿನಲ್ಲಿ ಚೆಂದವಾಗಿಯೇ ಕಾಣುತ್ತದೆ. ನೀವು ಮೂರು ವರ್ಷ ರಿನಿವಲ್ ಮಾಡಿಸುತ್ತೀರಿ ಎಂಬುದು ಪಾಪ ಆ ಪತ್ರಕ್ಕೆ ಹೇಗೆ ಗೊತ್ತಾಗಬೇಕು?

ನಮ್ಮ ತುಮಕೂರಿನ ಹುಡುಗನಿಗೆ ಪರ್ಸನಲ್ ಲೋನ್ ಸಿಕ್ಕೀತೇ ಎಂಬ ಪ್ರಶ್ನೆಯೂ ಇದೆ. 38,000ದಲ್ಲಿ 13,671 ಕಂತಿಗೆ ಹೋದರೆ ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋದಂತೆ. ಈಗಾಗಲೇ ಬೈಕಿನ ಕಂತೋ ಕ್ರೆಡಿಟ್ ಕಾರ್ಡ್ ಬಾಕಿಯೋ ಇದ್ದರೆ ಬ್ಯಾಂಕು ಹಿಂದೆಗೆಯಬಹುದು, ಇಲ್ಲವೇ 14ರ ಬದಲು 18, 20 ಅನ್ನಬಹುದು. ಫೋನಿಗೆ ಬರುವ "ಮಂಜೂರಾಗಿದೆ" ಎಂಬ ಮೆಸೇಜು ಮಂಜೂರಾತಿಯಲ್ಲ, ಆಹ್ವಾನ ಪತ್ರಿಕೆ. ಒಡವೆಗೆ ಈ ಸಂಬಳದ ಚೀಟಿಯ ಗೊಡವೆ ಅಷ್ಟಾಗಿ ಇಲ್ಲ. ದುಡ್ಡು ಬಹಳ ಸಲ ಅದೇ ದಿನ ಖಾತೆಗೆ ಬೀಳುತ್ತದೆ. ರೈತರಿಗೆ, ಅಂಗಡಿ ಇಟ್ಟವರಿಗೆ, ಹೊಲಿಗೆ ಮಾಡುವ ಹೆಣ್ಣುಮಕ್ಕಳಿಗೆ ಅದೇ ದೊಡ್ಡ ಅನುಕೂಲ.

ತಾಯಿಗೆ ಇನ್ನೊಂದು ಚಿಂತೆ ಇದ್ದೇ ಇರುತ್ತದೆ. "ಇಟ್ಟ ಒಡವೆ ಹಾಗೇ ವಾಪಸ್ಸು ಬರುತ್ತೇನೋ? ಧಾರೆಯ ದಿನ ಹುಡುಗಿ ಏನು ಹಾಕ್ಕೋಬೇಕು?" ಎರಡೂ ಸರಿಯಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ನಿಯಮ ಇದೆ. ಸಾಲ ತೀರಿಸಿದ ದಿನವೇ, ತಡವೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇಡುವ ದಿನ ಪ್ರತಿ ಒಡವೆಯನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಚೀಟಿಯಲ್ಲಿ "ಬಳೆ 4" ಅಂತ ಮಾತ್ರ ಬರೆಯದೆ ಒಂದೊಂದರ ತೂಕವೂ ಇದೆಯೇ ನೋಡಿ.

ಎರಡನೆಯ ಪ್ರಶ್ನೆಗೆ ನಾನು ಹೇಳುತ್ತಿದ್ದ ಉಪಾಯ ಇದು: 4 ಲಕ್ಷವನ್ನು ಒಂದೇ ಸಾಲವಾಗಿ ತೆಗೆಯಬೇಡಿ, ಎರಡು ಸಾಲ ಮಾಡಿಸಿ. ಒಡವೆಯನ್ನೂ ಎರಡು ಪೊಟ್ಟಣ ಮಾಡಿಸಿ. ಒಂದೇ ಪೊಟ್ಟಣವಾದರೆ ಸಾಲದ ಮುಕ್ಕಾಲು ಭಾಗ ತೀರಿಸಿದರೂ ಒಂದು ಬಳೆಯನ್ನು ಮಾತ್ರ ಬಿಡಿಸಿಕೊಳ್ಳಲು ಶಾಖೆಯವರು ಬಹಳ ಸಲ ಒಪ್ಪುವುದಿಲ್ಲ. ರಿನಿವಲ್ ದಿನದವರೆಗೂ ಕಾಯಬೇಕು. ಮದುವೆಯ ಖರ್ಚೂ ಒಂದೇ ದಿನ ಬರುವುದಿಲ್ಲ. ಛತ್ರದ ಮುಂಗಡ, ಸೀರೆ, ಪತ್ರಿಕೆ ಮೊದಲು. ಅಡುಗೆಯವರು, ಹೂವಿನವರು, ಫೋಟೊದವರ ಪೂರ್ತಿ ಲೆಕ್ಕ ಮದುವೆಯ ವಾರ. ಎರಡು ತಿಂಗಳ ಮುಂಚೆ ಬಳೆ, ಅಡ್ಡಿಕೆ ಇಟ್ಟು ಮೊದಲ 2 ಲಕ್ಷ ತನ್ನಿ. ಉಳಿದವರಿಗೆ ಮದುವೆ ಮುಗಿದ ಸೋಮವಾರ ಕೊಡುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ. ಊರಿನವರಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹುಡುಗಿ ಧಾರೆಗೆ ಹಾರ ಹಾಕಿಕೊಳ್ಳಲಿ. ಸೋಮವಾರ ಬೆಳಿಗ್ಗೆ ಮುಯ್ಯಿ ಎಷ್ಟು ಬಂದಿದೆ ನೋಡಿ, ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಹಾರ ತೆಗೆದುಕೊಂಡು ಬ್ಯಾಂಕಿಗೆ ಹೋಗಿ. ನಮ್ಮ ಲೆಕ್ಕದ 80,000 ಮುಯ್ಯಿ ಬಂದಿದ್ದರೆ ಎರಡನೆಯ ಸಾಲ 2 ಲಕ್ಷವಲ್ಲ, 1 ಲಕ್ಷ 20 ಸಾವಿರ.